ಹೊಸ ಸಿಎನ್‌ಸಿ ಆಪರೇಟರ್: 90 ದಿನದ ತರಬೇತಿ ಯೋಜನೆ ಐದನೇ ವಾರದಲ್ಲೇ ಕೆಡುತ್ತಿದೆ

ಪೀಣ್ಯ ಟರ್ನಿಂಗ್: ನಮ್ಮದು ಹದಿನಾಲ್ಕು ಜನರ ಘಟಕ. ಐಟಿಐ ಮುಗಿಸಿದ ಹುಡುಗನನ್ನು ಲೇತ್‌ಗೆ ತೆಗೆದುಕೊಂಡಿದ್ದೇವೆ. ಮೊದಲ ವಾರ ಸುರಕ್ಷತೆ, ಆಮೇಲೆ ತಿಂಗಳವರೆಗೆ ಸೆಟ್ಟರ್ ಜೊತೆ, ನಂತರ ಒಬ್ಬನೇ. ಐದನೇ ವಾರದಲ್ಲಿ 25 ಮಿ.ಮೀ. ಶಾಫ್ಟ್ ಒಂದು ಪೆಟ್ಟಿಗೆಯಷ್ಟು ತಿರಸ್ಕೃತವಾಯಿತು. ಅಳತೆ 24.979ರಿಂದ 25.000ರೊಳಗೆ ಇರಬೇಕು. ರಿಜಿಸ್ಟರಿನಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಯೋಜನೆಯಲ್ಲಿ ಏನು ತಪ್ಪು?

ಲೆಕ್ಕಪತ್ರ ಮಂಜುನಾಥ: ಮೂರು ತಿಂಗಳು ಪ್ರೊಬೇಷನ್ ಎಂದು ಬರೆಸಿಕೊಳ್ಳಿ, ಆಮೇಲೆ ಪಿಎಫ್ ಕಟ್ಟಿದರಾಯಿತು. ನಾವು ಹಾಗೆಯೇ ಮಾಡುತ್ತೇವೆ.

ಹಳೆಯ ಸೆಟ್ಟರ್: ಮಂಜುನಾಥ ಅವರೇ, ಅವರು ಕೇಳಿದ್ದು ಬೇರೆ. ಆದರೂ ಹೇಳುತ್ತೇನೆ, ಪಿಎಫ್‌ಗೆ ಅರ್ಹನಾದವನಿಗೆ ಸೇರಿದ ದಿನದಿಂದಲೇ ಕಟ್ಟಬೇಕು. ಪ್ರೊಬೇಷನ್ ನೆಪವಾಗುವುದಿಲ್ಲ.
ಪೀಣ್ಯದವರೇ, ಎರಡು ವಿಷಯ ತಿಳಿಸಿ. ಹುಡುಗನ ಕೈಯಲ್ಲಿ ಯಾವ ಅಳತೆ ಸಾಧನವಿತ್ತು? ರಿಜಿಸ್ಟರಿನಲ್ಲಿ ಬರೆದ ಅಂಕಿಗಳು ಹೇಗಿವೆ?

ಪೀಣ್ಯ ಟರ್ನಿಂಗ್: ವರ್ನಿಯರ್. ಪುಟದುದ್ದಕ್ಕೂ 25.00, 25.00 ಎಂದೇ ಇದೆ.

ಹಳೆಯ ಸೆಟ್ಟರ್: ಅಲ್ಲಿಯೇ ಇದೆ ಮೂಲ. 0.02ರವರೆಗೆ ಮಾತ್ರ ಓದುವ ವರ್ನಿಯರ್‌ನಿಂದ 0.021ರ ಅಂತರವನ್ನು ಕಾಯಲಾಗದು. ಇನ್ಸರ್ಟ್ ಸವೆಯುತ್ತಾ ವ್ಯಾಸ ಹೆಚ್ಚುತ್ತಿದ್ದುದು ಅವನಿಗೆ ಕಾಣಲೇ ಇಲ್ಲ.

ಗೇಜ್ ರವಿ: ಸ್ನ್ಯಾಪ್ ಗೇಜ್ ಕೊಟ್ಟುಬಿಡಿ. ಮೈಕ್ರೋಮೀಟರ್ ಕಲಿಸುವ ತೊಂದರೆಯೇ ಇಲ್ಲ.

ಹಳೆಯ ಸೆಟ್ಟರ್: ಕೆಟ್ಟದ್ದನ್ನು ಹಿಡಿಯಲು ಗೇಜ್ ಒಳ್ಳೆಯದು, ರವಿ. ಆದರೆ ಅಳತೆ ಎಷ್ಟು ಜಾರಿದೆ ಎಂದು ಅದು ಹೇಳುವುದಿಲ್ಲ. ಆಫ್‌ಸೆಟ್ ತಿದ್ದಲು ಅಂಕಿಯೇ ಬೇಕು.
ಆದ್ದರಿಂದ ಮೂವತ್ತು ದಿನಗಳನ್ನು ಲೆಕ್ಕಹಾಕಬೇಡಿ, ಏನನ್ನು ಅವನ ಕೈಗೆ ಬಿಡಬಹುದು ಎಂದು ನೋಡಿ. ಮೊದಲ ತಿಂಗಳು ಯಂತ್ರಕ್ಕೆ ಶಾಫ್ಟ್ ಏರಿಸುವುದು, ಇಳಿಸುವುದು, ಅಳೆಯುವುದು. 0.001 ಓದುವ ಮೈಕ್ರೋಮೀಟರ್ ಕೊಡಿ. ತಣ್ಣಗಾದ ಹತ್ತು ಶಾಫ್ಟ್‌ಗಳನ್ನು ಅವನೂ ಸೆಟ್ಟರ್ ಕೂಡ ಪರಸ್ಪರ ನೋಡದೆ ಅಳೆಯಲಿ. ವ್ಯತ್ಯಾಸ 0.002 ಮೀರದಿದ್ದರೆ ಮುಂದಕ್ಕೆ. ಮೀರಿದರೆ ಅಲ್ಲೇ ನಿಲ್ಲಲಿ.
ಎರಡನೇ ತಿಂಗಳು ಯಂತ್ರ ಅವನದು, ಆಫ್‌ಸೆಟ್ ಅವನದಲ್ಲ. ಪ್ರತಿ ಹತ್ತನೇ ಶಾಫ್ಟ್ ಅಳೆದು, ತಿದ್ದುಪಡಿಯನ್ನು ಕಾಗದದಲ್ಲಿ ಬರೆದು ತೋರಿಸಲಿ. 25.006 ಬಂದರೆ, ಗುರಿ 24.990, ಆದ್ದರಿಂದ ಮೈನಸ್ 0.016. ನಿಮ್ಮ ಯಂತ್ರ ವ್ಯಾಸದ ಲೆಕ್ಕದಲ್ಲಿದ್ದರೆ ಇದನ್ನು ಅರ್ಧ ಮಾಡಬಾರದು. ಹೊಸಬರು ಎಡವುವುದು ಇಲ್ಲಿಯೇ. ಬರೆದದ್ದು ಸತತವಾಗಿ ಸರಿಯಾದ ಮೇಲೆ, ಮೂರನೇ ತಿಂಗಳಲ್ಲಿ ಇನ್ಸರ್ಟ್ ಬದಲಾಯಿಸಿ ಮೊದಲ ಶಾಫ್ಟ್ ತೆಗೆಯುವುದನ್ನೂ ಅವನಿಗೇ ಬಿಡಿ.

ಪೀಣ್ಯ ಟರ್ನಿಂಗ್: ಮೈಕ್ರೋಮೀಟರ್ ಇಂದೇ ಕೊಟ್ಟೆ. ಆದರೆ ಸೆಟ್ಟರ್ ಗೊಣಗುತ್ತಿದ್ದಾರೆ, ಅವರಿಗೂ ದಿನದ ಗುರಿ ಇದೆ.

ಹಳೆಯ ಸೆಟ್ಟರ್: ಗೊಣಗುವುದು ನ್ಯಾಯವೇ. ಮೊದಲ ತಿಂಗಳು ಅವರ ಗುರಿಯನ್ನು ಇಳಿಸಿ. ಇಲ್ಲದಿದ್ದರೆ ಹುಡುಗನಿಗೆ ಮತ್ತೆ ವರ್ನಿಯರ್ ಕೊಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಗೇಜ್ ರವಿ: ತೊಂಬತ್ತು ದಿನದ ನಂತರ ರಾತ್ರಿ ಪಾಳಿಗೆ ಒಬ್ಬನನ್ನೇ ಹಾಕಬಹುದೇ?

ಹಳೆಯ ಸೆಟ್ಟರ್: ನಾನಂತೂ ಹಾಕುವುದಿಲ್ಲ. ಹಾಕಿ ನಡೆಸಿದವರಿದ್ದರೆ ಹೇಗೆ ಎಂದು ಬರೆಯಲಿ.