ಹಳೆಯ ಕಟ್ಟಡದ ಮೇಲೆ ಹೊಸ ಅಂತಸ್ತು: ಪ್ರಸ್ತಾವನೆಯ ವಿಮೆ ಭಾಗ ಆಕ್ಷೇಪಣೆಯೊಂದಿಗೆ ಹಿಂದಿರುಗಿದೆ

ಮಟ್ಟಗೋಲು:
ನಾನು ಸಣ್ಣ ಪ್ರಮಾಣದ ಕಟ್ಟಡ ಗುತ್ತಿಗೆದಾರ. ಬಳಕೆಯಲ್ಲಿರುವ ಎರಡಂತಸ್ತಿನ ಕಚೇರಿ ಕಟ್ಟಡದ ಮೇಲೆ ಮೂರನೆಯ ಅಂತಸ್ತು ಕಟ್ಟಿಕೊಡುವುದಕ್ಕೆ ಪ್ರಸ್ತಾವನೆ ಸಲ್ಲಿಸಿದ್ದೇನೆ. ಮೊದಲನೆಯ ಅಂತಸ್ತಿನಲ್ಲಿ ಮಾಲೀಕರ ಕಚೇರಿ ಇದೆ, ಅದರ ಮೇಲಿನದರಲ್ಲಿ ಬಾಡಿಗೆದಾರರು ಇದ್ದಾರೆ, ಕೆಲಸ ನಡೆಯುವಾಗಲೂ ಇಬ್ಬರೂ ಅಲ್ಲೇ ಇರುತ್ತಾರೆ. ತಾರಸಿಯ ಜಲನಿರೋಧಕ ಪದರವನ್ನು ಕಿತ್ತು, ಕಂಬಗಳ ಸರಳುಗಳನ್ನು ಬಿಡಿಸಿಕೊಂಡು, ಮೆಟ್ಟಿಲಿಗಾಗಿ ಸ್ಲ್ಯಾಬಿನ ಒಂದು ಭಾಗವನ್ನು ಕತ್ತರಿಸಬೇಕಾಗುತ್ತದೆ. ವಿಮೆ ಭಾಗದಲ್ಲಿ ನಾನು ಬರೆದದ್ದು ಇಷ್ಟು: "ಗುತ್ತಿಗೆದಾರರು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯನ್ನು ಗುತ್ತಿಗೆಯ ಪೂರ್ಣ ಮೊತ್ತಕ್ಕೆ ಪಡೆಯುತ್ತಾರೆ. ಥರ್ಡ್ ಪಾರ್ಟಿ ಹೊಣೆಯೂ ಅದರಲ್ಲಿ ಸೇರಿರುತ್ತದೆ." ಮಾಲೀಕರ ಎಂಜಿನಿಯರ್ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದು ಹಿಂದಿರುಗಿಸಿದ್ದಾರೆ: "ಕೆಳಗಿನ ಎರಡು ಅಂತಸ್ತಿಗೆ ಹಾನಿಯಾದರೆ ಈ ಪಾಲಿಸಿಯ ಯಾವ ಭಾಗ ಹಣ ಕೊಡುತ್ತದೆ?" ಥರ್ಡ್ ಪಾರ್ಟಿ ಭಾಗವೇ ಕೊಡುತ್ತದೆ ಎಂದು ಉತ್ತರಿಸಿದರೆ ಸಾಕಲ್ಲವೇ?

ಗಾರೆಕಾಯಕ:
ಮಾಲೀಕರ ಹೆಸರನ್ನೂ ಪಾಲಿಸಿಯಲ್ಲಿ ವಿಮಾದಾರರಾಗಿ ಸೇರಿಸಿ, ಜೊತೆಗೆ ಕ್ರಾಸ್ ಲಯಬಿಲಿಟಿ ಷರತ್ತನ್ನು ಹಾಕಿಸಿ. ಆಗ ಇಬ್ಬರಿಗೂ ಬೇರೆ ಬೇರೆ ಪಾಲಿಸಿ ಕೊಟ್ಟಂತೆ ಲೆಕ್ಕವಾಗಿ, ನಿಮ್ಮಿಂದ ಅವರಿಗಾದ ಹಾನಿ ಥರ್ಡ್ ಪಾರ್ಟಿ ಹಾನಿಯೇ ಆಗುತ್ತದೆ. ನಮ್ಮ ಎಲ್ಲ ಪ್ರಸ್ತಾವನೆಗಳಲ್ಲೂ ಹೀಗೆಯೇ ಬರೆಯುತ್ತೇವೆ, ಇದುವರೆಗೆ ಯಾರೂ ಆಕ್ಷೇಪಿಸಿಲ್ಲ.

ನೀಲಿನಕ್ಷೆ:
ಇದೇ ಸಮಸ್ಯೆ ನನಗೂ ಎದುರಾಗಿತ್ತು. ಸಾರವೆಯಿಂದ ಬಿದ್ದ ಕೆಲಸಗಾರನೊಬ್ಬನ ಚಿಕಿತ್ಸೆಯ ವೆಚ್ಚವನ್ನು ಥರ್ಡ್ ಪಾರ್ಟಿ ಭಾಗದಲ್ಲಿ ಕೇಳಿದಾಗ ವಿಮಾ ಕಂಪನಿ ನಿರಾಕರಿಸಿತು. ಆದ್ದರಿಂದ ಕೆಲಸಗಾರರ ಪರಿಹಾರಕ್ಕೆ ಪ್ರತ್ಯೇಕ ಪಾಲಿಸಿ ಇದೆ ಎಂಬುದನ್ನು ಮೊದಲು ಬರೆಯಿರಿ.

ಸರ್ವೆಕಡತ:
ನೀಲಿನಕ್ಷೆಯವರು ಹೇಳಿದ್ದು ನಿಜ. ಸ್ವಂತ ಕೆಲಸಗಾರರು ಥರ್ಡ್ ಪಾರ್ಟಿ ಆಗುವುದಿಲ್ಲ, ಅವರಿಗೆ ಬೇರೆ ಪಾಲಿಸಿ ಬೇಕು. ಆದರೆ ಎಂಜಿನಿಯರ್ ಕೇಳಿರುವುದು ಕಟ್ಟಡದ ಬಗ್ಗೆ.

ನಾನು ನಷ್ಟ ಅಂದಾಜು ಮಾಡುವ ಸರ್ವೇಯರ್ ಕೆಲಸದಲ್ಲಿದ್ದೇನೆ. ಈ ಪಾಲಿಸಿಯ ಸಾಮಾನ್ಯ ನಮೂನೆಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ನೀವು ಕಟ್ಟುತ್ತಿರುವ ಹೊಸ ಕೆಲಸಕ್ಕೆ ಆಗುವ ಹಾನಿಯನ್ನು ತುಂಬಿಕೊಡುತ್ತದೆ. ಎರಡನೆಯದು ಹೊರಗಿನವರಿಗೆ ನೀವು ಕೊಡಬೇಕಾಗಿ ಬರುವ ಪರಿಹಾರವನ್ನು ಭರಿಸುತ್ತದೆ. ಆದರೆ ಗುತ್ತಿಗೆದಾರರಿಗೆ ಅಥವಾ ಕೆಲಸ ಮಾಡಿಸುತ್ತಿರುವ ಮಾಲೀಕರಿಗೆ ಸೇರಿದ ಇಲ್ಲವೇ ಅವರ ಸುಪರ್ದಿಯಲ್ಲಿರುವ ಆಸ್ತಿಯನ್ನು ಆ ಎರಡನೆಯ ಭಾಗ ಸ್ಪಷ್ಟವಾಗಿ ಹೊರಗಿಡುತ್ತದೆ. ಕೆಳಗಿನ ಎರಡು ಅಂತಸ್ತು ಹೊಸ ಕೆಲಸವೂ ಅಲ್ಲ, ಹೊರಗಿನವರ ಆಸ್ತಿಯೂ ಅಲ್ಲ. ಹೀಗಾಗಿ ಅದು ಎರಡು ಭಾಗಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ.

ಗಾರೆಕಾಯಕರ ಸಲಹೆ ಅರ್ಧ ಸರಿ. ಮಾಲೀಕರ ಹೆಸರು ಸೇರಿಸುವುದು ಒಳ್ಳೆಯದೇ, ಕ್ರಾಸ್ ಲಯಬಿಲಿಟಿಯೂ ಇರಲಿ. ಆದರೆ ಆ ಷರತ್ತಿನ ಕೆಳಭಾಗದಲ್ಲಿ, ಮೊದಲನೆಯ ಭಾಗದಲ್ಲಿ ವಿಮೆ ಮಾಡಿದ ಅಥವಾ ಮಾಡಬಹುದಾಗಿದ್ದ ಆಸ್ತಿಗೆ ಇದು ಅನ್ವಯಿಸುವುದಿಲ್ಲ ಎಂಬ ಸಾಲಿರುತ್ತದೆ. ಹಳೆಯ ಕಟ್ಟಡವನ್ನು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸುವ ಷರತ್ತಿನ ಮೂಲಕ ಮೊದಲನೆಯ ಭಾಗಕ್ಕೆ ಸೇರಿಸಿಕೊಳ್ಳಬಹುದಾಗಿತ್ತು ಎಂದು ಕಂಪನಿ ಹೇಳಿದರೆ ನಿಮ್ಮ ವಾದ ಅಲ್ಲಿಗೇ ನಿಲ್ಲುತ್ತದೆ. ಇದುವರೆಗೆ ಯಾರೂ ಆಕ್ಷೇಪಿಸಿಲ್ಲ ಎಂದರೆ ಇದುವರೆಗೆ ಅಂಥ ಕ್ಲೇಮ್ ಬಂದಿಲ್ಲ ಎಂದಷ್ಟೇ ಅರ್ಥ.

ಒಂದು ಉದಾಹರಣೆ ನೋಡೋಣ. ಜಲನಿರೋಧಕ ಪದರ ಕಿತ್ತ ರಾತ್ರಿ ಜೋರು ಮಳೆ ಬಂದು, ಮೆಟ್ಟಿಲಿಗಾಗಿ ಕತ್ತರಿಸಿದ ಕಿಂಡಿಯಿಂದ ನೀರು ಇಳಿಯಿತು ಎಂದುಕೊಳ್ಳಿ. ಒಟ್ಟು ನಷ್ಟ 100 ಪಾಲು ಎಂದಾದರೆ, ಹೊಸ ಸೆಂಟ್ರಿಂಗ್ ಕುಸಿದದ್ದು 10 ಪಾಲು, ಹಳೆಯ ಕಟ್ಟಡದ ಒಳಚಾವಣಿ ಮತ್ತು ವೈರಿಂಗ್ 55, ಬಾಡಿಗೆದಾರರ ಕಂಪ್ಯೂಟರುಗಳು 35. ನೀವು ಬರೆದಿರುವ ಪಾಲಿಸಿಯಲ್ಲಿ ಆ 10 ಪಾಲು ಮೊದಲನೆಯ ಭಾಗದಿಂದ ಬರುತ್ತದೆ, ಅದರಲ್ಲಿಯೂ ನಿಮ್ಮ ಕೈಯಿಂದ ಹೋಗುವ ಎಕ್ಸೆಸ್ ಮೊತ್ತವನ್ನು ಕಳೆಯುತ್ತಾರೆ. ಬಾಡಿಗೆದಾರರು ಹೊರಗಿನವರಾದ್ದರಿಂದ ಅವರ 35 ಪಾಲನ್ನು ಎರಡನೆಯ ಭಾಗದಲ್ಲಿ ಕೇಳಬಹುದು. ಉಳಿದ 55 ಪಾಲಿಗೆ ಯಾವ ಭಾಗವೂ ಇಲ್ಲ, ಅದನ್ನು ಮಾಲೀಕರು ನಿಮ್ಮಿಂದಲೇ ಕೇಳುತ್ತಾರೆ. ಮಾಲೀಕರ ಎಂಜಿನಿಯರ್ ಬೆರಳಿಟ್ಟಿರುವುದು ಸರಿಯಾಗಿ ಈ 55ರ ಮೇಲೆ.

ಇದಕ್ಕೆ "ಮಾಲೀಕರ ಈಗಿರುವ ಆಸ್ತಿ" ಎಂಬ ಎಂಡಾರ್ಸ್‌ಮೆಂಟ್ ಇದೆ. ಮ್ಯೂನಿಕ್ ರೀ ಎಂಬ ಮರುವಿಮಾ ಕಂಪನಿಯ ನಮೂನೆಯಲ್ಲಿ ಅದರ ಸಂಖ್ಯೆ 119. ಬೇರೆ ಕಂಪನಿಗಳಲ್ಲಿ ಸಂಖ್ಯೆಯೂ ಪದಗಳೂ ಬೇರೆಯಾಗಿರಬಹುದು, ಆದ್ದರಿಂದ ಪ್ರಸ್ತಾವನೆಯಲ್ಲಿ ಸಂಖ್ಯೆಯನ್ನು ನೆಚ್ಚದೆ ವಿಷಯವನ್ನೇ ಬರೆಯಿರಿ. ಹಳೆಯ ಕಟ್ಟಡಕ್ಕೆ ಪ್ರತ್ಯೇಕ ಮೊತ್ತದ ಮಿತಿಯನ್ನು ಕೇಳಬೇಕು. ಕೆಲಸ ಶುರುವಾಗುವ ಮೊದಲು ಕಟ್ಟಡ ಸುಸ್ಥಿತಿಯಲ್ಲಿತ್ತು ಎಂಬುದಕ್ಕೆ ವರದಿ ಇರಬೇಕು, ಅಗತ್ಯವಾದ ಸುರಕ್ಷಾ ಕ್ರಮಗಳನ್ನೂ ಕೈಗೊಂಡಿರಬೇಕು. ಮೇಲಿನ ಉದಾಹರಣೆಯಲ್ಲಿ ಕಿಂಡಿಯ ಸುತ್ತ ಕಟ್ಟೆ ಕಟ್ಟಿ ಟಾರ್ಪಾಲು ಬಿಗಿದಿರಲಿಲ್ಲ ಎಂದಾದರೆ, ಎಂಡಾರ್ಸ್‌ಮೆಂಟ್ ಇದ್ದೂ ಕ್ಲೇಮ್ ಕಷ್ಟವಾಗುತ್ತದೆ.

ಮಟ್ಟಗೋಲು:
ತುಂಬಾ ಉಪಕಾರವಾಯಿತು, ಸರ್. ಮಾಲೀಕರ ಬಳಿ ಕಟ್ಟಡಕ್ಕೆ ಅವರದೇ ವಿಮೆ ಇದೆ. ಆ 55 ಪಾಲನ್ನು ಅದರಿಂದಲೇ ಪಡೆಯಲಿ ಎಂದು ಬರೆದರೆ ನನ್ನ ಪ್ರೀಮಿಯಂ ಕಡಿಮೆಯಾಗುವುದಿಲ್ಲವೇ?

ಸರ್ವೆಕಡತ:
ಪ್ರೀಮಿಯಂ ಕಡಿಮೆಯಾಗಬಹುದು, ಹೊಣೆ ಕಡಿಮೆಯಾಗುವುದಿಲ್ಲ. ಅವರ ಕಂಪನಿ ಅವರಿಗೆ ಹಣ ಕೊಟ್ಟ ಮೇಲೆ, ಹಾನಿಗೆ ಕಾರಣರಾದವರಿಂದ ಅದನ್ನು ವಸೂಲು ಮಾಡುವ ಹಕ್ಕು ಆ ಕಂಪನಿಗೆ ಬರುತ್ತದೆ. ನಿಮ್ಮ ವಿರುದ್ಧ ಆ ಹಕ್ಕನ್ನು ಚಲಾಯಿಸುವುದಿಲ್ಲ ಎಂದು ಅವರ ಕಂಪನಿ ಪಾಲಿಸಿಯಲ್ಲಿಯೇ ಬರೆದುಕೊಟ್ಟರೆ ಮಾತ್ರ ಈ ದಾರಿ ಸುರಕ್ಷಿತ. ಮಾಲೀಕರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಮೇಲಾಗಿ ಕಟ್ಟಡದಲ್ಲಿ ಇಂಥ ಕೆಲಸ ನಡೆಯುತ್ತಿದೆ ಎಂದು ಅವರು ತಮ್ಮ ಕಂಪನಿಗೆ ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಆ ಪಾಲಿಸಿಗೇ ತೊಡಕಾದೀತು.

ನಿಮ್ಮ ಪ್ಯಾರಾವನ್ನು ಹೀಗೆ ತಿದ್ದಬಹುದು:

"ಗುತ್ತಿಗೆದಾರರು ಮಾಲೀಕರನ್ನು ಸಹ ವಿಮಾದಾರರನ್ನಾಗಿ ಸೇರಿಸಿ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯನ್ನು ಪಡೆಯುತ್ತಾರೆ. ಹೊಸ ಕೆಲಸಕ್ಕೆ, ಈಗಿರುವ ಎರಡು ಅಂತಸ್ತಿಗೆ ಹಾಗೂ ಥರ್ಡ್ ಪಾರ್ಟಿ ಹೊಣೆಗೆ ಪ್ರತ್ಯೇಕ ಮಿತಿಗಳಿದ್ದು, ಅವುಗಳನ್ನು ಜೊತೆಗಿರುವ ಪಟ್ಟಿಯಲ್ಲಿ ನಮೂದಿಸಲಾಗಿದೆ. ಪ್ರತಿ ಕ್ಲೇಮಿನ ಎಕ್ಸೆಸ್ ಮೊತ್ತವನ್ನು ಗುತ್ತಿಗೆದಾರರು ಭರಿಸುತ್ತಾರೆ. ತಾರಸಿಯನ್ನು ತೆರೆಯುವ ಮೊದಲು ಇಬ್ಬರೂ ಸಹಿ ಮಾಡಿದ ಸ್ಥಿತಿ ವರದಿಯನ್ನೂ, ಈಗಿರುವ ಆಸ್ತಿಯ ಎಂಡಾರ್ಸ್‌ಮೆಂಟ್ ಪ್ರತಿಯನ್ನೂ ಮಾಲೀಕರಿಗೆ ಒಪ್ಪಿಸಲಾಗುವುದು."

ಕೊನೆಯ ವಾಕ್ಯವನ್ನು ದಯವಿಟ್ಟು ಕೈಬಿಡಬೇಡಿ. ಬ್ರೋಕರ್ ಕೊಡುವ ಒಂದು ಪುಟದ ಪ್ರಮಾಣಪತ್ರದಲ್ಲಿ ಪಾಲಿಸಿ ಸಂಖ್ಯೆ, ಮಿತಿ, ದಿನಾಂಕ ಎಲ್ಲವೂ ಇರುತ್ತವೆ. ಈ ಎಂಡಾರ್ಸ್‌ಮೆಂಟ್ ಇದೆಯೋ ಇಲ್ಲವೋ ಎಂಬುದು ಎಷ್ಟೋ ಬಾರಿ ಅದರಿಂದ ತಿಳಿಯುವುದಿಲ್ಲ.

ಗಾರೆಕಾಯಕ:
ನನ್ನ ಪಾಲಿಸಿಯನ್ನು ತೆಗೆದು ನೋಡಿದೆ, ನೀವು ಹೇಳಿದ ಸಾಲು ಇದೆ. ಆದರೂ ಒಂದು ಸಂದೇಹ. ಸ್ಲ್ಯಾಬ್ ಕತ್ತರಿಸುವ ಅದುರಿಗೆ ಕೆಳಗಿನ ಗೋಡೆಗಳಲ್ಲಿ ಕೂದಲೆಳೆಯ ಬಿರುಕುಗಳು ಬಂದೇ ಬರುತ್ತವೆ. ಅವಕ್ಕೂ 119 ಹಣ ಕೊಡುತ್ತದೆಯೇ?

ಸರ್ವೆಕಡತ:
ಅಲ್ಲಿ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ. ಅದುರು ಅಥವಾ ಆಧಾರ ದುರ್ಬಲವಾದದ್ದರಿಂದ ಆಗುವ ಹಾನಿಯಲ್ಲಿ ಆಸ್ತಿ ಪೂರ್ತಿ ಅಥವಾ ಭಾಗಶಃ ಕುಸಿದರೆ ಮಾತ್ರ ಹಣ ಬರುತ್ತದೆ. ಕಟ್ಟಡದ ಭದ್ರತೆಗೂ ಅದರಲ್ಲಿರುವವರಿಗೂ ಅಪಾಯವಿಲ್ಲದ ಮೇಲ್ಮೈ ಬಿರುಕುಗಳು ಹೊರಗುಳಿಯುತ್ತವೆ. ಅವನ್ನು ಯಾರ ಖರ್ಚಿನಲ್ಲಿ ಸರಿಪಡಿಸಬೇಕು ಎಂಬುದು ವಿಮೆಯ ಮಾತಲ್ಲ, ಒಪ್ಪಂದದ ಮಾತು. ನನ್ನ ಅಭಿಪ್ರಾಯದಲ್ಲಿ, ಸ್ಥಿತಿ ವರದಿಯಲ್ಲಿ ಇಲ್ಲದ ಹೊಸ ಬಿರುಕುಗಳನ್ನು ಗುತ್ತಿಗೆದಾರರೇ ತುಂಬಿ ಬಣ್ಣ ಹಚ್ಚಿಕೊಡುತ್ತಾರೆ ಎಂದು ಬರೆದು, ಅದರ ವೆಚ್ಚವನ್ನು ದರದಲ್ಲಿ ಸೇರಿಸುವುದು ಲೇಸು.

ನೀಲಿನಕ್ಷೆ:
ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಾಗೆ ಬರೆದುಕೊಟ್ಟರೆ ಮುಂದೆ ಬರುವ ಪ್ರತಿ ಬಿರುಕೂ ಗುತ್ತಿಗೆದಾರರ ತಲೆಗೇ ಬರುತ್ತದೆ. ಕೆಲಸ ಮುಗಿದ ನಂತರ ಎಷ್ಟು ಕಾಲದವರೆಗೆ ಎಂಬ ಗಡುವನ್ನಾದರೂ ಹಾಕಲೇಬೇಕು.

ಮಟ್ಟಗೋಲು:
ತಿದ್ದಿದ ಪ್ಯಾರಾವನ್ನು ಎಂಜಿನಿಯರಿಗೆ ಕಳುಹಿಸಿದ್ದೇನೆ. ಈಗಿರುವ ಆಸ್ತಿಯ ಮಿತಿ ಒಪ್ಪಿಗೆಯಾಯಿತು. ಬಿರುಕಿನ ಗಡುವನ್ನು ಗುತ್ತಿಗೆಯ ದೋಷ ದುರಸ್ತಿ ಅವಧಿಗೆ ಹೊಂದಿಸಬೇಕೆಂದು ನಾನು ಕೇಳಿದ್ದೇನೆ, ಅವರು ಅದಕ್ಕಿಂತ ಹೆಚ್ಚು ಕಾಲ ಬೇಕೆನ್ನುತ್ತಿದ್ದಾರೆ. ಅದಿನ್ನೂ ಇತ್ಯರ್ಥವಾಗಿಲ್ಲ.