ಹಳೇ ಪೇಪರ್ ಲೆಕ್ಕದಲ್ಲಿ 'ಅಥವಾ' ಪ್ರಶ್ನೆಗಳನ್ನ ಹೇಗೆ ಎಣಿಸೋದು? ಸಹಾಯ ಬೇಕು

ಫಿಸಿಕ್ಸ್ ಪರೀಕ್ಷೆಗೆ ಹಳೇ ಪ್ರಶ್ನೆಪತ್ರಿಕೆ ಇಟ್ಕೊಂಡು ಯಾವ ಪಾಠಕ್ಕೆ ಎಷ್ಟು ಅಂಕ ಬರುತ್ತೆ ಅಂತ ಎಕ್ಸೆಲ್‌ನಲ್ಲಿ ಪಟ್ಟಿ ಮಾಡ್ತಿದೀನಿ. ಸಿಲಬಸ್ ಬದಲಾಗೋಕೆ ಮುಂಚಿನ ಪತ್ರಿಕೆಗಳನ್ನ ಪಕ್ಕಕ್ಕಿಟ್ಟಾಯ್ತು. ತಲೆ ಕೆಡಿಸ್ತಿರೋದು 'ಅಥವಾ' ಪ್ರಶ್ನೆಗಳು.

ಒಂದರಲ್ಲಿ 5 ಅಂಕಕ್ಕೆ ಮಸೂರದ ಸೂತ್ರ ಸಾಧಿಸಿ ಅಂತಿದೆ. ಕೆಳಗೇ 'ಅಥವಾ' ಹಾಕಿ ಟ್ರಾನ್ಸ್‌ಫಾರ್ಮರ್ ಹೇಗೆ ಕೆಲಸ ಮಾಡುತ್ತೆ ವಿವರಿಸಿ ಅಂದಿದಾರೆ. ಇಂಥವು ಮೂರಿವೆ. ಎರಡೂ ಕಡೆಗೆ ಪೂರ್ತಿ 5 ಹಾಕಿದ್ರೆ 70 ಅಂಕದ ಪತ್ರಿಕೆ 85 ಆಗುತ್ತೆ. ಎರಡೂವರೆ ಎರಡೂವರೆ ಹಂಚಿದ್ರೆ ಮೊತ್ತ ಸರಿಹೋಗುತ್ತೆ, ಆದ್ರೆ ಪ್ರತಿ ವರ್ಷ ತಪ್ಪದೆ ಬಂದಿರೋ ಬೆಳಕಿನ ಪಾಠ ಪಟ್ಟಿಯಲ್ಲಿ ಕೆಳಗೆ ಹೋಗಿ ಕೂತ್ಕೊಳ್ಳುತ್ತೆ. ಅದನ್ನ ಓದಿದವರಿಗೆ ಸಿಗೋದು ಪೂರ್ತಿ 5 ತಾನೇ?

ಆಮೇಲೆ ಎರಡು ಕಾಲಂ ಮಾಡಿ ನೋಡಿದೆ: 'ಓದಿದ್ರೆ ಸಿಗೋದು', 'ಬಿಟ್ರೆ ಹೋಗೋದು'. 'ಅಥವಾ'ದ ಎರಡೂ ಕಡೆ ಒಂದೇ ಪಾಠದಿಂದ ಬಂದಾಗ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಆ ಪಾಠ ಬಿಡೋ ಹಾಗೇ ಇಲ್ಲ ಅಂತ ಕಾಣುತ್ತೆ. ಮೇಲಿನ ಉದಾಹರಣೆಯಲ್ಲಿ ಮಾತ್ರ ಎರಡೂ ಪಾಠಕ್ಕೆ 'ಬಿಟ್ರೆ ಹೋಗೋದು' ಸೊನ್ನೆ ಬರುತ್ತೆ. ಎರಡನ್ನೂ ಬಿಟ್ರೆ 5 ಅಂಕ ಹೋಗುತ್ತಲ್ಲ, ಅದು ಎಲ್ಲೂ ಕಾಣಲ್ಲ. ಜೋಡಿಗಳೂ ವರ್ಷ ವರ್ಷ ಬದಲಾಗ್ತವೆ, ಹಾಗಾಗಿ ಇದನ್ನೇ ನಂಬೋಕೂ ಧೈರ್ಯ ಇಲ್ಲ.

ಸಮಯ ಕಮ್ಮಿ, ಎರಡು ಪಾಠ ಬಿಡಲೇಬೇಕು. ಯಾವುದನ್ನ ಅಂತ ತೀರ್ಮಾನಿಸೋಕೆ ಯಾವ ಕಾಲಂ ನೋಡ್ಬೇಕು? ಜೋಡಿಯಾಗಿ ಬಿಟ್ರೆ ಆಗೋ ನಷ್ಟನ ಪಟ್ಟಿಯಲ್ಲಿ ಹಿಡಿಯೋಕೆ ಸುಲಭದ ದಾರಿ ಇದ್ಯಾ?