ಸಹಾಯ ಬೇಕು: ಮಳೆ ರಜೆ ಕಳೆದ್ರೆ ಪಾಠದ ದಿನ ಸಾಲ್ತಿಲ್ಲ

ಎಲ್ಲರಿಗೂ ನಮಸ್ಕಾರ, ಸಕಲೇಶಪುರ ಕಡೆ ಒಂದು ಹೈಯರ್ ಪ್ರೈಮರಿ ಸ್ಕೂಲಲ್ಲಿ ಟೀಚರ್ ನಾನು, ಮುಂದಿನ ವರ್ಷದ ವಾರ್ಷಿಕ ಯೋಜನೆ ಮಾಡ್ತಾ ಇದೀನಿ. ಆರ್‌ಟಿಇ ಪ್ರಕಾರ 6ರಿಂದ 8ನೇ ಕ್ಲಾಸಿಗೆ 220 ಕೆಲಸದ ದಿನ, 1000 ಗಂಟೆ ಪಾಠ ಆಗ್ಬೇಕು. ದಸರಾ ರಜೆ, ಭಾನುವಾರ, ಹಬ್ಬ ಎಲ್ಲಾ ಕಳೆದು ನಂಗೆ 240 ದಿನ ಸಿಕ್ತು, ನೋಡೋಕೆ ಸಾಕು ಅನ್ಸುತ್ತೆ, ಆದ್ರೆ ಎಫ್‌ಎ, ಎಸ್‌ಎ ಪರೀಕ್ಷೆಗೆ 20 ದಿನ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವದ ತಯಾರಿ ಸೇರಿ 12 ದಿನ ಹೋದ್ರೆ ನಿಜವಾಗಿ ಪಾಠಕ್ಕೆ ಉಳಿಯೋದು 208. ಅದರಲ್ಲೂ ಶನಿವಾರ ಬೆಳಗ್ಗೆ ಮಾತ್ರ ಕ್ಲಾಸು.

ನಮ್ಮ ಮಲೆನಾಡಲ್ಲಿ ಜುಲೈ ಆಗಸ್ಟಲ್ಲಿ ಡಿಸಿ ಮಳೆ ರಜೆ ಕೊಡ್ತಾರೆ, ಅದು ಮಕ್ಕಳ ಸೇಫ್ಟಿಗೆ ಬೇಕೇ ಬೇಕು. 8 ದಿನ ಹೋಯ್ತು ಅಂತಿಟ್ಕೊಳ್ಳಿ, ಶನಿವಾರ ಮಧ್ಯಾಹ್ನ ತುಂಬಿಸೋಣ ಅಂದ್ರೆ ಅರ್ಧ ದಿನದ ಲೆಕ್ಕದಲ್ಲಿ 16 ಶನಿವಾರ ಬೇಕು, ಎಸ್ಟೇಟ್ ಲೈನಿನ ಮಕ್ಕಳಿಗೆ ಸಂಜೆ ಬಸ್ ಸಿಗಲ್ಲ. ನವೆಂಬರ್ ಆದ್ಮೇಲೆ ಕಾಫಿ ಕೊಯ್ಲು ಶುರುವಾದ್ರೆ ಹಾಜರಾತಿನೂ ಬೀಳುತ್ತೆ.

ಮೂಡಿಗೆರೆ, ಕೊಪ್ಪ ಕಡೆ ಟೀಚರ್ಸ್ ಯಾರಾದ್ರೂ ಇದ್ರೆ ಹೇಳಿ, ಮಳೆ ರಜೆಗೆ ಅಂತ ಮೊದಲೇ ದಿನ ಎತ್ತಿಡ್ತೀರಾ? ದಿನಾ ಒಂದು ಪೀರಿಯಡ್ ಜಾಸ್ತಿ ಮಾಡಿದ್ರೆ ಗಂಟೆ ಲೆಕ್ಕ ಸರಿಹೋಗುತ್ತೆ, ಆದ್ರೆ ದಿನದ ಲೆಕ್ಕಕ್ಕೆ ಬಿಇಒ ಆಫೀಸಲ್ಲಿ ಏನಂತಾರೆ? ನಿಮ್ಮ ಪ್ಲಾನ್ ಫೋಟೋ ಹಾಕಿದ್ರೆ ತುಂಬಾ ಉಪಕಾರ ಆಗುತ್ತೆ.